ಅಪ್ಪನ ಹುಟ್ಟುಹಬ್ಬದ ಮೆಸೇಜು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದೆ.)

ಸಲಹೆ ಕೇಳಿದವರು ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸದಲ್ಲಿರುವ 34 ವರ್ಷದ ಮಹಿಳೆ. ತಂದೆ ಪಾಂಡವಪುರ ತಾಲ್ಲೂಕಿನ ರೈತರು. ನಾಲೆ ನೀರಿನ ಕಬ್ಬು, ಭತ್ತ, ಜೊತೆಗೆ ಎರಡು ಹಸು. ಕಳೆದ ವರ್ಷ ತಂದೆಯ ಹುಟ್ಟುಹಬ್ಬಕ್ಕೆ ಮಗಳು ನಮ್ಮ ಗಡಿಯಾರದ ರಾತ್ರಿ ಹನ್ನೆರಡಕ್ಕೆ ಸರಿಯಾಗಿ ಮನೆಯವರ ವಾಟ್ಸಾಪ್ ಗ್ರೂಪಿಗೆ ಉದ್ದನೆಯ ಮೆಸೇಜು ಹಾಕಿದ್ದರು: "ನೀವೇ ನನ್ನ ಹೀರೋ. ಪ್ರೀತಿಯನ್ನು ನೀವು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ, ಆದರೂ ನನಗೆ ಗೊತ್ತು." ಬೆಳಿಗ್ಗೆ ತಂದೆಯಿಂದ ಬಂದದ್ದು ಹೆಬ್ಬೆರಳಿನ ಚಿತ್ರ, ಅಷ್ಟೇ. "ಅಪ್ಪಂಗೆ ನಾನು ಬೇಡವಾಗಿದೀನಾ ಮೇಡಂ?" ಎಂಬುದು ಅವರ ಪ್ರಶ್ನೆ.

ಬೇಡವಾಗಿಲ್ಲ. ಆ ಮೆಸೇಜಿಗೆ ಉತ್ತರ ಕೊಡುವ ದಾರಿಯೇ ತಂದೆಗೆ ಇರಲಿಲ್ಲ. ಹಸು ಕರೆಯಲು ಐದಕ್ಕೆ ಏಳುವವರ ಫೋನು ನಡುರಾತ್ರಿ ಸದ್ದು ಮಾಡಿದರೆ ಮೊದಲು ಬರುವುದು ಗಾಬರಿ. ಹಳ್ಳಿಯಲ್ಲಿ ಆ ಹೊತ್ತಿನ ಫೋನು ಸಾವಿನ ಸುದ್ದಿಯದು. ಓದಿದ್ದು ಗ್ರೂಪಿನಲ್ಲಿ. ಅಲ್ಲಿ ತಮ್ಮಂದಿರು, ಅಳಿಯಂದಿರು, ಎಲ್ಲರೂ ಇದ್ದಾರೆ. ಹೊಗಳಿಕೆಯ ಒಳಗೇ "ಯಾವತ್ತೂ ಹೇಳಲಿಲ್ಲ" ಎಂಬ ದೂರೂ ಇತ್ತು. ಮಗಳಿಗೆ ಅದು ಮುದ್ದು, ತಂದೆಗೆ ನಾಲ್ಕು ಜನರೆದುರು ಮಾಡಿದ ಆಪಾದನೆ. ಅದಕ್ಕೂ ಮೇಲೆ, ಜೂನ್ 1 ಅವರ ಹುಟ್ಟಿದ ದಿನವೇ ಅಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು ಆಧಾರ್‌ವರೆಗೂ ಬಂದಿದೆ. (ಶಾಲೆಯ ದಾಖಲೆ ನಂಬಿದರೆ ಆ ತಲೆಮಾರಿನ ಅರ್ಧ ಊರು ಜೂನ್‌ನಲ್ಲೇ ಹುಟ್ಟಿದ್ದು.)

ಈ ವರ್ಷಕ್ಕೆ ಹೊಸದಾಗಿ ಬರೆಯಲು ಹೇಳಿದೆವು. ಮೊದಲ ಕೆಲಸ, ಅಪ್ಪ ಎಂಥವರು ಎಂದು ಬಣ್ಣಿಸುವುದನ್ನು ಬಿಟ್ಟು ಅವರು ಮಾಡಿದ ಒಂದೇ ಒಂದು ಕೆಲಸವನ್ನು ಜಾಗ, ವಸ್ತು ಸಮೇತ ನೆನಪಿಸಿಕೊಳ್ಳುವುದು. ಇಲ್ಲಿ ಮೊದಲಿಗೆ ಬಂದದ್ದು "ನನ್ನ ಓದಿಗೆ ತುಂಬಾ ಕಷ್ಟಪಟ್ರಿ". ಸಾಲದು, ಯಾವ ಕಷ್ಟ ಎಂದು ಕೇಳುತ್ತಾ ಹೋದಾಗ ಸಿಇಟಿ ಹೊತ್ತಿನ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ ಹೊರಬಂತು. ಹೆಡ್‌ಮಾಸ್ಟರ್ ಸಹಿ ಆದಮೇಲೆ ಅದಕ್ಕೆ ಬಿಇಒ ಮೇಲುಸಹಿ ಬೇಕು. ಸಾಹೇಬರು ಸಿಗದೆ ತಂದೆ ಕಬ್ಬು ಕಡಿಸುವುದನ್ನು ಬಿಟ್ಟು ಅಲೆದಿದ್ದರು. ಇಂಥ ನೆನಪಿಗೆ ಮೌನಿಗಳೂ ಉತ್ತರ ಕೊಡಬಲ್ಲರು, ಏಕೆಂದರೆ ಅದು ಭಾವನೆಯ ಮಾತಲ್ಲ, ನಡೆದ ಸಂಗತಿ.

ಎರಡನೆಯದು, ಕೊನೆಗೆ ಸಲೀಸಾಗಿ ಉತ್ತರ ಹೇಳಬಹುದಾದ ಒಂದು ಪ್ರಶ್ನೆ. "ನನ್ನ ಬಗ್ಗೆ ಹೆಮ್ಮೆ ಇದೆಯಾ?" ಎಂದು ಕೇಳಿದರೆ ಮತ್ತೆ ಹೆಬ್ಬೆರಳೇ ಬರುತ್ತದೆ. ಕೊನೆಗೆ ನಿಂತ ರೂಪ ಇದು:

"ಅಪ್ಪ, ಇವತ್ತು ಮೇಷ್ಟ್ರು ಬರೆದ ನಿನ್ನ ಹುಟ್ಟಿದಬ್ಬ. ನನ್ನ ಸಿಇಟಿ ಟೈಮಲ್ಲಿ ರೂರಲ್ ಸರ್ಟಿಫಿಕೇಟ್‌ಗೆ ಕಬ್ಬು ಕಡಿಯೋದ್ ಬಿಟ್ಟು ಬಿಇಒ ಆಫೀಸ್‌ಗೆ ಅಲೆದೆಯಲ್ಲ, ಅದು ಇಲ್ಲಿ ಫೈಲಲ್ಲಿ ಸಿಕ್ತು. ಅದಿಲ್ದಿದ್ರೆ ಆ ಸೀಟ್ ಸಿಕ್ತಿರ್ಲಿಲ್ಲ. ನೀನು ನಿಜವಾಗಿ ಹುಟ್ಟಿದ್ದು ಯಾವ ಹಬ್ಬದ ಆಸುಪಾಸು? ಅಜ್ಜಿ ಏನ್ ಹೇಳೋರು?"

ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಮನೆಯಲ್ಲಿ ಮಾತಾಡುವ ಹಾಗೇ "ನೀನು" ಎಂದೇ ಇರಲಿ. ಬರವಣಿಗೆಯ "ನೀವು" ಬಂದರೆ ಬೇರೆ ಯಾರೋ ಬರೆದುಕೊಟ್ಟಂತಿರುತ್ತದೆ. ಕಳಿಸುವುದು ಗ್ರೂಪಿಗಲ್ಲ, ಅವರೊಬ್ಬರಿಗೆ, ವಾಯ್ಸ್ ಮೆಸೇಜಾಗಿ. ಕರೆ ಮಾಡಿದರೆ ಆ ಕ್ಷಣವೇ ಏನಾದರೂ ಹೇಳಬೇಕಾದ ಒತ್ತಡ. ಅವರು "ತಕೋ, ಅವ್ವಂಗೆ ಕೊಡ್ತೀನಿ" ಎಂದು ಫೋನು ದಾಟಿಸುತ್ತಾರೆ. ವಾಯ್ಸ್ ಮೆಸೇಜನ್ನು ಕನ್ನಡಕ ಹುಡುಕದೆ ಎರಡು ಸಲ ಕೇಳಬಹುದು. ಆದರೆ ಜಗಲಿಯಲ್ಲಿ ಸ್ಪೀಕರಿನಲ್ಲೇ ಹಾಕಿಬಿಡುತ್ತಾರೆ ಎಂಬುದು ಗೊತ್ತಿರಲಿ: ಪಕ್ಕದ ಮನೆಯವರು ಕೇಳಬಾರದ ಮಾತು ಅದರಲ್ಲಿರಬಾರದು. ಹೊತ್ತು, ಮಧ್ಯಾಹ್ನ ಊಟವಾಗಿ, ಸಂಜೆ ಡೈರಿಗೆ ಹಾಲು ಹಾಕುವ ಮೊದಲು. ನಮ್ಮ ಒಂದೂವರೆ ಎಂದರೆ ಜೂನ್‌ನಲ್ಲಿ ಮ್ಯೂನಿಕ್‌ನ ಬೆಳಿಗ್ಗೆ ಹತ್ತು.

ಉತ್ತರ ಮಾರನೆಯ ದಿನ ಬಂತು: "ಕಾರ್ತೀಕದಲ್ಲಂತೆ, ನಮ್ಮವ್ವ ಹೇಳೋಳು. ಆ ಬಿಇಒ ಒಳ್ಳೆ ಮನ್ಸ, ಗುಮಾಸ್ತಂದೇ ಕಾಟ. ಊಟ ಆಯ್ತಾ?" ಮಗಳಿಗೆ ಇದೂ ಕಡಿಮೆ ಎನಿಸಿತು. ನಮ್ಮ ಲೆಕ್ಕದಲ್ಲಿ ಇದು ತುಂಬು ಉತ್ತರ. ಕೇಳದೆಯೇ ಗುಮಾಸ್ತನ ಸುದ್ದಿ ಸೇರಿಸಿದ್ದಾರೆ, ತಿರುಗಿ ಪ್ರಶ್ನೆಯನ್ನೂ ಹಾಕಿದ್ದಾರೆ.

ಈ ಸಲಹೆ ಮೊದಲಿಂದಲೂ ಮಿತಭಾಷಿಯಾದವರಿಗೆ. ಮಾತಾಡುತ್ತಿದ್ದವರು ಈಚೆಗೆ ಸುಮ್ಮನಾಗಿ, ಜೊತೆಗೆ ನಿದ್ದೆ, ಊಟ, ಹೊಲದ ಆಸಕ್ತಿಯೂ ತಗ್ಗಿದ್ದರೆ ಅದು ಖಿನ್ನತೆಯಿರಬಹುದು; ಕಿವಿ ಮಂದವಾಗಿದ್ದರೂ ಮಾತು ಕಡಿಮೆಯಾಗುತ್ತದೆ. ಆಗ ಮೆಸೇಜಿನ ಮಾತು ಆಮೇಲೆ, ವೈದ್ಯರಿಗೆ ತೋರಿಸುವುದು ಮೊದಲು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. ಹೊಡೆತ, ಬೈಗುಳದಲ್ಲಿ ಬೆಳೆದ ಮಕ್ಕಳಿಗೂ ಇದು ಅನ್ವಯಿಸದು; ಅವರು ಮೆಸೇಜು ಕಳಿಸಲೇಬೇಕೆಂದೇನಿಲ್ಲ.

ಮಗಳಿಗೆ ಕೊನೆಯದಾಗಿ ಹೇಳಿದ್ದು ಎರಡು. ಖುಷಿಯಲ್ಲಿ ಕೂಡಲೇ ಇನ್ನೊಂದು ಉದ್ದನೆ ಮೆಸೇಜು ಬೇಡ, ಗುಮಾಸ್ತ ಏನು ಕಾಟ ಕೊಟ್ಟ ಎಂದಷ್ಟೇ ಕೇಳಿ. ಮತ್ತೆ ಅಮ್ಮನಿಗೆ ಫೋನು ಮಾಡಿ "ಅಪ್ಪ ಕೇಳಿ ಅತ್ರಾ?" ಎಂದು ವಿಚಾರಿಸಬೇಡಿ. ಆ ಪ್ರಶ್ನೆ ಸಂಜೆಯೊಳಗೆ ಅಪ್ಪನ ಕಿವಿ ಮುಟ್ಟುತ್ತದೆ, ಮುಂದಿನ ಸಲ ಹೆಬ್ಬೆರಳೇ ಗತಿ.