ಬೆಳೆ ಬೇಳೆಯಾದ ಸಾಲು

*ಸಂಪಾದಕರೇ, ನನ್ನ ಹಾಡನ್ನು ಎರಡು ಸಲ ವಾಪಸ್ ಕಳಿಸಿದ್ದೀರಿ. ‘ನಡೆ ತಪ್ಪಿದೆ, ಪ್ರಾಸ ಎಳೆದು ತಂದ ಹಾಗಿದೆ, ಚಿತ್ರ ನಿಮ್ಮದಲ್ಲ’ ಅಂತ ಬರೆದಿರಿ. ಇದನ್ನು ನಾನೇ ಹೇಗೆ ಕಂಡುಹಿಡಿಯೋದು? ಪಲ್ಲವಿ ಇದು:*

*ಹಸಿರು ಗದ್ದೆಯ ನಡುವೆ ನಿಂತಿದೆ*
*ನನ್ನ ಕನಸಿನ ಒಳಗೆ ಬೆಳೆಯು*
*ಮಂಜು ಹನಿಯಲಿ ಮಿಂದ ಕೋಗಿಲೆ*
*ಹಾಡಿ ನನ್ನನು ಕರೆದು ಅಂದಿದೆ*

*ನಾಲೆಗೆ ನೀರು ಬಿಟ್ಟ ರಾತ್ರಿ ಅಪ್ಪ ಗುದ್ದಲಿ ಹೊತ್ತು ಹೋಗುತ್ತಿದ್ದರು. ಅದನ್ನು ನೆನೆದು ಬರೆದದ್ದು.*
*— ಓದುಗರೊಬ್ಬರು, ಮಂಡ್ಯ ತಾಲ್ಲೂಕು*

ಮೊದಲು ನಡೆ ನೋಡೋಣ. ತೊಡೆಯ ಮೇಲೆ ತಾಳ ಹಾಕುತ್ತಾ ‘ತಕಿಟ ತಕಧಿಮಿ’ ಅಂತ ಹೇಳಿ, ಅದರ ಮೇಲೆ ನಿಮ್ಮ ಮೊದಲ ಸಾಲನ್ನು ಇಡಿ. ‘ಹಸಿರು’ ಮೂರು ಮಾತ್ರೆ, ‘ಗದ್ದೆಯ’ ನಾಲ್ಕು, ‘ನಡುವೆ’ ಮೂರು, ‘ನಿಂತಿದೆ’ ನಾಲ್ಕು. ಗಿಡ್ಡ ಅಕ್ಷರಕ್ಕೆ ಒಂದು. ಉದ್ದ ಅಕ್ಷರಕ್ಕೆ, ಸೊನ್ನೆ ಇರುವುದಕ್ಕೆ, ಒತ್ತಕ್ಷರದ ಹಿಂದಿನದಕ್ಕೆ ಎರಡು. ಒಟ್ಟು 14. ಭಾಮಿನಿ ಷಟ್ಪದಿಯ ಗಿಡ್ಡ ಸಾಲುಗಳದ್ದೂ ಇದೇ ಅಳತೆ. ನೀವು ಲೆಕ್ಕ ಹಾಕಿ ಬರೆದಿರಲಾರಿರಿ, ಕಿವಿಯೇ ಹಿಡಿದಿದೆ. ಅದಕ್ಕೇ ನಿಮ್ಮ ಹಾಡನ್ನು ಸುಮ್ನೆ ಬದಿಗಿಡಲು ಮನಸ್ಸು ಬರಲಿಲ್ಲ.

ಎರಡನೆಯ ಸಾಲಿನ ಕೊನೆಗೆ ಬನ್ನಿ. ಅಲ್ಲಿ ತಾಳ ನಾಲ್ಕು ಮಾತ್ರೆ ಕೇಳುತ್ತದೆ, ‘ಬೆಳೆಯು’ ಕೊಡುವುದು ಮೂರೇ. ಹಾಡುವವರು ತಾಳ ಬಿಡುವುದಿಲ್ಲ, ಅಕ್ಷರವನ್ನು ಎಳೆಯುತ್ತಾರೆ. ಮೊದಲ ಅಕ್ಷರ ಎಳೆದರೆ ‘ಬೇಳೆಯು’. ಗದ್ದೆಯಲ್ಲಿದ್ದ ಪೈರು ಅಡುಗೆಮನೆಗೆ ಹೋಯಿತು! ಕೊನೆಯದನ್ನು ಎಳೆದರೆ ‘ಬೆಳೆಯೂ’ ಆಗಿ, ಬೇರೇನೋ ಜೊತೆಗಿದೆ ಅನ್ನಿಸುತ್ತದೆ. ಕನ್ನಡದಲ್ಲಿ ಅಕ್ಷರ ಉದ್ದವಾದರೆ ಅರ್ಥವೇ ಬದಲಾಗಬಹುದು. ಕರು ಕಾರಾಗುತ್ತದೆ, ಕಡು ಕಾಡಾಗುತ್ತದೆ. ಹಾಗಂತ ಎಳೆಯಲೇಬಾರದು ಅಂತಲ್ಲ. ಜೋಗುಳದ ‘ಜೋ’ ಎಷ್ಟು ಎಳೆದರೂ ಅದು ‘ಜೋ’ನೇ. ಎಳೆದಾಗ ಬೇರೆ ಪದ ಹುಟ್ಟುತ್ತದಾ ಅನ್ನುವುದನ್ನು ಮಾತ್ರ ಕೇಳಿಕೊಳ್ಳಿ. ನೀವೇ ಹಾಡಿದರೆ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ನಿಮಗೆ ಪದ ಮೊದಲೇ ಗೊತ್ತಿದೆ. ಹಾಳೆ ನೋಡದ ಯಾರಾದರೂ ಕೇಳಿ, ಕಿವಿಗೆ ಬಿದ್ದದ್ದನ್ನು ಬರೆಯಲಿ. ಇನ್ನೊಂದು ಮಾತು. ಆ ‘ಯು’ ಕೂಡ ಜಾಗ ತುಂಬಲು ಬಂದದ್ದೇ. ನಿಮ್ಮೂರಲ್ಲಿ ‘ಬೆಳೆಯು ಬಂದಿದೆ’ ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ಪ್ರಾಸದ ತೊಂದರೆ ನಾಲ್ಕನೆಯ ಸಾಲಿನಲ್ಲಿದೆ. ಮಾತ್ರೆ 14 ಸರಿಯಾಗಿದೆ. ಆದರೆ ಕೋಗಿಲೆ ಕರೆದು ಏನಂದಿತು? ಹಾಡು ಮುಗಿದರೂ ನಮಗೆ ಗೊತ್ತಾಗುವುದಿಲ್ಲ. ‘ನಿಂತಿದೆ’ಗೆ ಜೋಡಿ ಬೇಕಿತ್ತು, ‘ಅಂದಿದೆ’ ಬಂತು. ಸಾಲನ್ನು ಮಾತಿನ ಹಾಗೆ ಬರೆದು ನೋಡಿ: ‘ಕೋಗಿಲೆ ಹಾಡಿ ನನ್ನನ್ನು ಕರೆಯಿತು.’ ‘ಅಂದಿದೆ’ ಉದುರಿಹೋಯಿತು. ಹೀಗೆ ಉದುರುವ ಪದ ಪ್ರಾಸಕ್ಕಾಗಿ ಬಂದದ್ದು.

ಅಷ್ಟು ಕಷ್ಟಪಟ್ಟರೂ ಸಿಕ್ಕ ಪ್ರಾಸ ಬಡವಾದದ್ದು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಹಾಗಾಗಿ ಬಂದಿದೆ, ಹೋಗಿದೆ, ತಿಂದಿದೆ ಎಲ್ಲವೂ ತಾವಾಗಿಯೇ ಜೋಡಿಯಾಗುತ್ತವೆ. ಅದು ವ್ಯಾಕರಣದ ಬಾಲ. ಹಳೆಯ ಕಾವ್ಯದಲ್ಲಿ ಪ್ರಾಸ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ, ಪದದ ಮೈಯಲ್ಲೇ ಕೂರುತ್ತಿತ್ತು. ನೀವು ಅದನ್ನೇ ಪಾಲಿಸಬೇಕಿಲ್ಲ. ಆದರೆ ಸಾಲಿನ ಕೊನೆಯೊಂದೇ ಪ್ರಾಸದ ಜಾಗ ಅಂದುಕೊಳ್ಳಬೇಡಿ.

ಈಗ ಚಿತ್ರ. ಮಂಜು ಹನಿ ಮಾಗಿ ಚಳಿಯದು. ಕೋಗಿಲೆ ಬಾಯಿ ಬಿಡುವುದು ಯುಗಾದಿಯ ಆಸುಪಾಸಿನಲ್ಲಿ, ಚಳಿಗಾಲದಲ್ಲಿ ಅದು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಇವೆರಡು ನಿಮ್ಮ ಗದ್ದೆಯಲ್ಲಿ ಒಟ್ಟಿಗೆ ಸೇರಿದ್ದಲ್ಲ, ಕೇಳಿದ ಹಾಡುಗಳಲ್ಲಿ ಸೇರಿದ್ದು. ‘ಬೆಳೆ’ ಅಂದಿರಿ, ಅದು ಭತ್ತವೋ ಕಬ್ಬೋ ನನಗೆ ಕಾಣಲಿಲ್ಲ. ಭತ್ತದಲ್ಲಿ ನೀರು ನಿಂತಿರುತ್ತದೆ, ಕಬ್ಬು ಆಳೆತ್ತರ ಬೆಳೆದು ಮನುಷ್ಯರನ್ನೇ ಮುಚ್ಚುತ್ತದೆ. ಎರಡರ ರಾತ್ರಿಯೂ ಬೇರೆ. ಕಬ್ಬಾದರೆ ಎಚ್ಚರ: ತುದಿಯಲ್ಲಿ ಬಿಡುವ ಸೂಲಂಗಿಯನ್ನು ‘ಬೆಳ್ಳಿ ಹೂ’ ಅಂತ ಕೊಂಡಾಡಿದರೆ ನಿಮ್ಮೂರಿನವರು ಒಪ್ಪುವುದಿಲ್ಲ. ಅದು ಬಂದ ಮೇಲೂ ಕಟಾವು ತಡವಾದರೆ ಜಲ್ಲೆ ಬೆಂಡಾಗುತ್ತದೆ.

ನಿಮ್ಮ ಹಾಡು ಇರುವುದು ಪತ್ರದ ಕೊನೆಯ ಮಾತಿನಲ್ಲಿ. ಅದನ್ನೇ ನಿಮ್ಮ ನಡೆಗೆ ಕೂರಿಸಿ ನೋಡಿದೆ:

ನಾಲೆ ನೀರಿನ ಸದ್ದು ಕೇಳಿದ
ರಾತ್ರಿ ಗುದ್ದಲಿ ಹೆಗಲಿಗೇರಿತು

ತಾಳ ಹಾಕಿ ಎಣಿಸಿ, ಎರಡೂ 14. ‘ಹೆಗಲಿಗೇರಿತು’ ಮಾತ್ರ ‘ಹೆಗಲಿ–ಗೇರಿತು’ ಅಂತ ತಾಳದಲ್ಲಿ ಒಡೆಯುತ್ತದೆ. ಹಾಡಿದಾಗ ಅದು ತೊಡಕಾಗುವುದಿಲ್ಲ. ಕೊನೆಯಲ್ಲಿ ಪ್ರಾಸವಿಲ್ಲ, ಆದರೆ ‘ಸದ್ದು’, ‘ಗುದ್ದಲಿ’ ಒಂದನ್ನೊಂದು ಕರೆಯುತ್ತವೆ. ಎರಡೂ ಆ ರಾತ್ರಿಗೆ ಬೇಕಾದ ಪದಗಳೇ.

ಇದು ಬರೀ ಮಾದರಿ. ಮುಂದಿನ ಎರಡು ಸಾಲು ನನಗೆ ಗೊತ್ತಿಲ್ಲ, ನಿಮಗೆ ಗೊತ್ತು. ಅಪ್ಪ ಬದುವಿನ ಮೇಲೆ ಕಾಯುತ್ತಾ ಏನು ಮಾಡುತ್ತಿದ್ದರು? ಕೈಯಲ್ಲಿ ಲಾಟೀನಿತ್ತೋ, ಬ್ಯಾಟರಿಯೋ? ವಾಪಸ್ ಬಂದಾಗ ಮನೆಯಲ್ಲಿ ಯಾರು ಎದ್ದಿರುತ್ತಿದ್ದರು? ಅದನ್ನು ಬರೆದು ಕಳಿಸಿ, ನಾನು ಕಾಯುತ್ತಿರುತ್ತೇನೆ.

— ಸಂಪಾದಕ, ಮೈಸೂರು