ಮೊಬೈಲ್ ಬಿಲ್ ದೂರನ್ನು ಇಂಗ್ಲಿಷ್‌ಗೆ ತರುವಾಗ ಅಂಕಿ ತಪ್ಪದಿರಲು

ಪ್ರಶ್ನೆ: ಅಪ್ಪ ಕನ್ನಡದಲ್ಲಿ ಬರೆದ ಪೋಸ್ಟ್‌ಪೇಯ್ಡ್ ಬಿಲ್ ದೂರನ್ನು ಇಂಗ್ಲಿಷ್‌ಗೆ ಮಾಡುವಾಗ ಪ್ಲಾನ್, ತಾರೀಖು, ಮೊತ್ತ ಹೇಗೆ ಬರೆಯಲಿ?

ಉತ್ತರ: ಮೂರನ್ನೂ ಬಿಲ್‌ನಲ್ಲಿ ಇರುವ ಹಾಗೇ ಎತ್ತಿ ಬರೆಯಿರಿ. ಪೋಸ್ಟ್‌ಪೇಯ್ಡ್‌ನಲ್ಲಿ ಪ್ಲಾನ್ ಬೆಲೆಯ ಮೇಲೆ ಶೇ 18 ಜಿಎಸ್‌ಟಿ ಬೇರೆ ಸೇರುತ್ತದೆ. ಗೊಂದಲ ಹುಟ್ಟುವುದೇ ಅಲ್ಲಿ. ‘399ರ ಪ್ಲಾನ್‌ಗೆ 588.82 ಹಾಕಿದ್ದಾರೆ, 189.82 ಜಾಸ್ತಿ’ ಎಂದು ತಂದೆಯವರು ಬರೆದಿದ್ದಾರೆ ಅನ್ನಿ. 399ಕ್ಕೆ ತೆರಿಗೆ ಸೇರಿದರೆ 470.82 ಆಗುತ್ತದೆ. ಹಾಗಾಗಿ ಜಾಸ್ತಿ ಬಂದಿರುವುದು 118 ರೂಪಾಯಿ ಮಾತ್ರ. 499ಕ್ಕೆ ತೆರಿಗೆ ಸೇರಿದರೆ 588.82 ಆಗುವುದರಿಂದ, ಬಹುಶಃ ಹಳೆಯ 499ರ ಪ್ಲಾನ್ ಲೆಕ್ಕದಲ್ಲೇ ಬಿಲ್ ಮಾಡಿದ್ದಾರೆ. ಆದರೂ ನೀವೇ ಸುಮ್ನೆ ಅಂಕಿ ತಿದ್ದಬೇಡಿ, ತಂದೆಯವರನ್ನು ಕೇಳಿ ಬದಲಿಸಿ. ಇಲ್ಲದಿದ್ದರೆ ಕಂಪನಿಯವರು ತೆರಿಗೆ ತೋರಿಸಿ ದೂರನ್ನೇ ಮುಚ್ಚಿಬಿಡಬಹುದು.

‘ಕಳೆದ ತಿಂಗಳು’ ಅನ್ನುವ ಕಡೆ ಬಿಲ್ ಅವಧಿಯ ಎರಡೂ ತಾರೀಖು ಹಾಕಿ. 05/04 ಎಂದರೆ ಮೇ 4 ಅಂತಲೂ ಓದಬಹುದು ಅಲ್ವಾ? ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ: `05 Apr`.