ನೂರರ ಬದಲು ಹತ್ತು ಲೀಟರ್ ಎಂದ ಹಳೆಯ ವಿಡಿಯೊವನ್ನು ತಿದ್ದುವುದು ಹೇಗೆ?

ಪ್ರಶ್ನೆ: ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ಬಗ್ಗೆ 2021ರಲ್ಲಿ ಯೂಟ್ಯೂಬಿಗೆ ಒಂದು ವಿಡಿಯೊ ಹಾಕಿದ್ದೆ. ನನ್ನ ಚಾನೆಲ್‌ನಲ್ಲಿ ಈಗಲೂ ಹೆಚ್ಚು ಜನ ನೋಡುವುದು ಅದನ್ನೇ. ಅದರಲ್ಲಿ ಒಂದು ಕಡೆ ನೂರು ಲೀಟರ್ ನೀರು ಎನ್ನುವ ಬದಲು ಹತ್ತು ಲೀಟರ್ ಎಂದುಬಿಟ್ಟಿದ್ದೇನೆ. ಶೀರ್ಷಿಕೆಯಲ್ಲಿ ‘2021’ ಎಂದೂ ಇದೆ. ತಿದ್ದಿದರೆ ವಿಡಿಯೊ ಹುಡುಕಾಟದಲ್ಲಿ ಕೆಳಗೆ ಹೋಗುತ್ತದೆ, ಅಳಿಸಿ ಹೊಸದಾಗಿ ಹಾಕುವುದೇ ವಾಸಿ ಎಂದು ಗೆಳೆಯರು ಹೇಳುತ್ತಾರೆ. ಏನು ಮಾಡಲಿ?
— ಓದುಗರು, ಹೊಸನಗರ ತಾಲ್ಲೂಕು

ಉತ್ತರ: ದಯವಿಟ್ಟು ಅಳಿಸಬೇಡಿ. ನೀರಿನ ಪ್ರಮಾಣದ ತಪ್ಪನ್ನು ಇವತ್ತೇ ಸರಿಪಡಿಸಿ; ಶೀರ್ಷಿಕೆಯನ್ನು ಎರಡು ಮೂರು ವಾರ ಬಿಟ್ಟು ಬದಲಿಸಿದರೂ ನಡೆಯುತ್ತದೆ. ಈ ಎರಡನ್ನೂ ಒಂದೇ ತೂಕದ ತಪ್ಪುಗಳೆಂದು ಎಣಿಸಬಾರದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣಕ್ಕೆ ನೂರು ಲೀಟರ್ ನೀರು ಸೇರಿದರೆ ಅದು ಸಿಂಪಡಣೆಗೆ ಬಳಸುವ ಶೇ 1ರ ದ್ರಾವಣ. ಅಷ್ಟಕ್ಕೇ ಹತ್ತು ಲೀಟರ್ ನೀರು ಸೇರಿದರೆ ಅದು ಕಾಂಡಕ್ಕೆ ಬಳಿಯುವ ಶೇ 10ರ ಮುಲಾಮು. ಹತ್ತು ಲೀಟರ್‌ನ ಅಳತೆಯೂ ಬಳಕೆಯಲ್ಲಿ ಇರುವುದರಿಂದಲೇ ನಿಮ್ಮ ಮಾತು ಕೇಳಿದವರಿಗೆ ಅನುಮಾನ ಬಾರದೆ ಹೋಗಬಹುದು. ಮಳೆಗಾಲಕ್ಕೆ ಮುಂಚೆ ಕೊನೆಗೌಡರನ್ನು ಗೊತ್ತುಮಾಡಿಕೊಂಡು, ಡ್ರಮ್ಮಿನ ಪಕ್ಕದಲ್ಲಿ ಮೊಬೈಲ್ ಹಿಡಿದು ನಿಮ್ಮ ವಿಡಿಯೊ ನೋಡುತ್ತಲೇ ಔಷಧಿ ಕಲಸುವ ಹೊಸಬರನ್ನು ನೆನೆಸಿಕೊಂಡರೆ, ಹುಡುಕಾಟದ ಸ್ಥಾನದ ಚಿಂತೆ ಆಮೇಲಿನದು ಎಂಬುದನ್ನು ನೀವೂ ಒಪ್ಪುತ್ತೀರಿ.

ಯೂಟ್ಯೂಬಿನಲ್ಲಿ ಒಮ್ಮೆ ಏರಿಸಿದ ಕಡತದ ಜಾಗಕ್ಕೆ ಹೊಸ ಕಡತವನ್ನು ಇಡಲು ಬರುವುದಿಲ್ಲ. ಹೊಸದಾಗಿ ಏರಿಸಿದರೆ ಹೊಸ ಲಿಂಕ್ ಬರುತ್ತದೆ. ಹಳೆಯದಕ್ಕೆ ಬಂದ ವೀಕ್ಷಣೆ, ಮೆಚ್ಚುಗೆ, ಪ್ರತಿಕ್ರಿಯೆ ಯಾವುದೂ ಅದರ ಜೊತೆ ಬರುವುದಿಲ್ಲ. ಆದರೆ ಇರುವ ವಿಡಿಯೊದಿಂದಲೇ ಒಂದು ತುಂಡನ್ನು ಕತ್ತರಿಸಿ ತೆಗೆಯಲು ಅವಕಾಶವಿದೆ, ಮತ್ತು ಹಾಗೆ ಮಾಡಿದಾಗ ಲಿಂಕ್, ವೀಕ್ಷಣೆಯ ಸಂಖ್ಯೆ, ಪ್ರತಿಕ್ರಿಯೆಗಳು ಎಲ್ಲವೂ ಹಾಗೆಯೇ ಉಳಿಯುತ್ತವೆ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ಸ್ಟುಡಿಯೊ ತೆರೆದು, ಆ ವಿಡಿಯೊವನ್ನು ಆರಿಸಿ, ಎಡಗಡೆಯ Editor ಒತ್ತಿ, ಅಲ್ಲಿ Trim & cut, ನಂತರ New Cut ಆರಿಸಿಕೊಳ್ಳಿ. ನಿಮ್ಮ ತಪ್ಪು ಮಾತು 4:12ಕ್ಕೆ ಶುರುವಾಗಿ 4:31ಕ್ಕೆ ಮುಗಿಯುತ್ತದೆ ಎಂದಿಟ್ಟುಕೊಳ್ಳೋಣ. ಕತ್ತರಿಯನ್ನು ಪದದ ಮೇಲೇ ಇಡದೆ, ಹಿಂದಿನ ವಾಕ್ಯ ಮುಗಿದು ಉಸಿರು ತೆಗೆದುಕೊಂಡ ಕಡೆ, ಅಂದರೆ 4:10ರಿಂದ 4:33ರವರೆಗೆ ಇಟ್ಟರೆ ಜೋಡಣೆ ಕಿವಿಗೆ ಚುಚ್ಚುವುದಿಲ್ಲ. ಮುನ್ನೋಟವನ್ನು ಎರಡು ಬಾರಿ ಕೇಳಿ ನೋಡಿ, Save ಒತ್ತಿ. ಬದಲಾವಣೆ ಸಿದ್ಧವಾಗುವವರೆಗೆ ನೋಡುಗರಿಗೆ ಹಳೆಯ ವಿಡಿಯೊವೇ ಕಾಣುತ್ತಿರುತ್ತದೆ, ಇದಕ್ಕೆ ಕೆಲವೊಮ್ಮೆ ಹಲವು ಗಂಟೆ ಹಿಡಿಯುತ್ತದೆ. ಆದ್ದರಿಂದ ಕೂಡಲೇ ತೆರೆದು ನೋಡಿ, ಕೆಲಸ ಆಗಲಿಲ್ಲವೆಂದು ಮತ್ತೆ ಮತ್ತೆ ಕತ್ತರಿಸಲು ಹೋಗಬೇಡಿ. ಒಂದು ಮಿತಿಯೂ ಇದೆ: ನಿಮ್ಮ ಚಾನೆಲ್ ಯೂಟ್ಯೂಬಿನ ಪಾಲುದಾರ ಯೋಜನೆಯಲ್ಲಿ ಇಲ್ಲದಿದ್ದು, ಆ ವಿಡಿಯೊ ಒಂದು ಲಕ್ಷ ವೀಕ್ಷಣೆ ದಾಟಿದ್ದರೆ, ಈ ಬದಲಾವಣೆಯನ್ನು ಉಳಿಸಲು ಅವಕಾಶ ಸಿಗದಿರಬಹುದು.

ಕತ್ತರಿಸಿದ ಮೇಲೆ ಹೆಚ್ಚಿನವರು ಮರೆಯುವ ಕೆಲಸವೊಂದಿದೆ. 23 ಸೆಕೆಂಡು ಹೋಯಿತೆಂದರೆ ಅದರ ಮುಂದಿನ ಎಲ್ಲವೂ 23 ಸೆಕೆಂಡು ಹಿಂದಕ್ಕೆ ಸರಿಯುತ್ತವೆ. ವಿವರಣೆಯಲ್ಲಿ ನೀವು ‘5:20 ಸುಣ್ಣದ ತಿಳಿ’ ಎಂದು ಅಧ್ಯಾಯದ ಸಮಯ ಬರೆದಿದ್ದರೆ ಅದನ್ನು 4:57 ಎಂದು ನೀವೇ ಬದಲಿಸಬೇಕು. ನೀವೇ ಉಪಶೀರ್ಷಿಕೆ ಹಾಕಿದ್ದರೆ ಅದರಲ್ಲಿ ‘ಹತ್ತು ಲೀಟರ್’ ಎಂಬ ಸಾಲು ಉಳಿದಿಲ್ಲವೇ ಎಂಬುದನ್ನೂ ನೋಡಿ.

ಈಗ ತಪ್ಪು ಹೋಯಿತು, ಆದರೆ ಸರಿಯಾದದ್ದು ಇನ್ನೂ ಬಂದಿಲ್ಲ. ಹೊಸ ದೃಶ್ಯವನ್ನು ನಡುವೆ ಸೇರಿಸಲು ಸ್ಟುಡಿಯೊದಲ್ಲಿ ಬರುವುದಿಲ್ಲ, ಹೀಗಾಗಿ ನೀರೆಷ್ಟು ಎಂಬ ಮಾತೇ ವಿಡಿಯೊದಿಂದ ಮಾಯವಾಗುತ್ತದೆ. ಮುಂದೆ ಎಲ್ಲಾದರೂ ನೀವು ‘ಒಟ್ಟು ನೂರು ಲೀಟರ್’ ಎಂದು ಹೇಳಿದ್ದರೆ ಅಥವಾ ಡ್ರಮ್ಮಿಗೆ ನೀರು ಅಳೆದು ಹಾಕುವುದು ಕಾಣುವಂತಿದ್ದರೆ ಸಾಕು. ಹಾಗಿಲ್ಲದಿದ್ದರೆ ತಿದ್ದುಪಡಿಯ ಕಾರ್ಡನ್ನು ಬಳಸಿ. ವಿವರಣೆಯಲ್ಲಿ, ಅಧ್ಯಾಯಗಳ ಪಟ್ಟಿಯ ನಂತರ, ಹೀಗೆ ಬರೆಯಿರಿ:

```
Correction:
4:10 1 ಕಿಲೋ ಮೈಲುತುತ್ತ + 1 ಕಿಲೋ ಸುಣ್ಣಕ್ಕೆ ಒಟ್ಟು 100 ಲೀಟರ್ ನೀರು
```

ವಿಡಿಯೊ ಕನ್ನಡದ್ದಾದರೂ ಮೊದಲ ಸಾಲಿನ ಪದ ಇಂಗ್ಲಿಷಿನಲ್ಲಿಯೇ ಇರಬೇಕು, ಇಲ್ಲದಿದ್ದರೆ ಯೂಟ್ಯೂಬ್ ಅದನ್ನು ಸಾಮಾನ್ಯ ಬರಹವೆಂದೇ ತಿಳಿಯುತ್ತದೆ. ಮುಂದಿನ ವಿವರ ಕನ್ನಡದಲ್ಲಿ ಇರಬಹುದು. ವಿಡಿಯೊ ಓಡುವಾಗ ಮೂಲೆಯಲ್ಲಿ ಚಿಕ್ಕ ಕಾರ್ಡೊಂದು ಕಾಣಿಸಿಕೊಂಡು ತಿದ್ದುಪಡಿ ಇದೆ ಎಂದು ಸೂಚಿಸುತ್ತದೆ. ಚಾನೆಲ್ ಮೇಲೆ ಸ್ಟ್ರೈಕ್ ಜಾರಿಯಲ್ಲಿದ್ದರೆ ಈ ಸೌಲಭ್ಯ ಸಿಗುವುದಿಲ್ಲ. ಆ ಕಾರ್ಡನ್ನು ಎಲ್ಲರೂ ಒತ್ತಿ ನೋಡುವುದಿಲ್ಲವಾದ್ದರಿಂದ, ಅದೇ ಮಾತನ್ನು ಒಂದು ಪ್ರತಿಕ್ರಿಯೆಯಾಗಿ ಬರೆದು ಮೇಲ್ಗಡೆ ಪಿನ್ ಮಾಡಿ. ವಿವರಣೆಯ ಮೊದಲ ಸಾಲಿಗೂ ಅದನ್ನೇ ಹಾಕಿ.

ಈಗಾಗಲೇ ನೋಡಿ ಹೋದವರ ವಿಷಯವೇ ನನ್ನನ್ನು ಹೆಚ್ಚು ಕಾಡುವುದು. ಕತ್ತರಿಸಿದರೂ ಶೀರ್ಷಿಕೆ ಬದಲಿಸಿದರೂ ಚಂದಾದಾರರಿಗೆ ಯಾವ ಸೂಚನೆಯೂ ಹೋಗುವುದಿಲ್ಲ. ಯಾರು ನೋಡಿದ್ದರೋ ಅವರಿಗೆ ನೀವು ತಿದ್ದಿದ್ದು ತಿಳಿಯುವುದೇ ಇಲ್ಲ. ತೀರ್ಥಹಳ್ಳಿ, ಸಾಗರದ ಕಡೆಯ ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ನಿಮ್ಮ ಲಿಂಕ್ ಹಂಚಿಕೆಯಾಗಿದ್ದರೆ, ಅದನ್ನು ಒತ್ತಿದವರಿಗೆ ತಿದ್ದಿದ ವಿಡಿಯೊವೇ ತೆರೆಯುತ್ತದೆ, ಆದರೆ ಆ ಹಳೆಯ ಸಂದೇಶದ ಜೊತೆ ಕಾಣುವ ಶೀರ್ಷಿಕೆ ಕಳಿಸಿದ ದಿನದ್ದಾಗಿಯೇ ಉಳಿಯುತ್ತದೆ. ವಿಡಿಯೊವನ್ನೇ ಇಳಿಸಿಕೊಂಡು ಕಡತವಾಗಿ ಹಂಚಿದ್ದರಂತೂ ಅದು ನಿಮ್ಮ ಕೈಗೆ ಸಿಗುವುದಿಲ್ಲ. ಆದ್ದರಿಂದ ಒಂದು ನಿಮಿಷದ ಹೊಸ ವಿಡಿಯೊ ಮಾಡಿ, ಹಿಂದಿನ ವಿಡಿಯೊದಲ್ಲಿ ಹತ್ತು ಎಂದದ್ದು ನೂರು ಆಗಬೇಕು ಎಂಬುದನ್ನು ಮೊದಲ ವಾಕ್ಯದಲ್ಲಿಯೇ ಹೇಳಿ, ಮೇ ತಿಂಗಳು ಬರುವುದರೊಳಗೆ ಹಾಕಿ. ಹೊಸ ವಿಡಿಯೊದ ಸೂಚನೆ ಗಂಟೆ ಒತ್ತಿದ ಚಂದಾದಾರರಿಗಾದರೂ ಹೋಗುತ್ತದೆ. ನೀವಿರುವ ಗುಂಪುಗಳಿಗೆ ಅದನ್ನೇ ಕಳಿಸಿ.

ಇನ್ನು ಶೀರ್ಷಿಕೆ. ಬದಲಿಸಿದ ಮಾತ್ರಕ್ಕೆ ಶಿಕ್ಷೆಯಾಗಿ ವಿಡಿಯೊವನ್ನು ಕೆಳಕ್ಕೆ ತಳ್ಳುವ ನಿಯಮವಿಲ್ಲ. ಯೂಟ್ಯೂಬ್ ಹೇಳುವುದೂ ಇಷ್ಟೇ: ಬದಲಾದ ಶೀರ್ಷಿಕೆ ಅಥವಾ ಚಿತ್ರವನ್ನು ಕಂಡಾಗ ನೋಡುಗರ ನಡವಳಿಕೆ ಬದಲಾಗುತ್ತದೆ, ವ್ಯವಸ್ಥೆ ಆ ನಡವಳಿಕೆಗೆ ತಕ್ಕಂತೆ ನಡೆದುಕೊಳ್ಳುತ್ತದೆ. ಹೀಗಾಗಿ ನಿಮ್ಮ ಕೈಯಲ್ಲಿರುವುದು ಜನ ಹುಡುಕುವ ಪದಗಳನ್ನು ಕಳೆದುಕೊಳ್ಳದಂತೆ ನೋಡಿಕೊಳ್ಳುವುದು. ಸ್ಟುಡಿಯೊದಲ್ಲಿ ಆ ವಿಡಿಯೊದ Analytics ತೆರೆದು, Reach ವಿಭಾಗದಲ್ಲಿ ಯೂಟ್ಯೂಬ್ ಹುಡುಕಾಟದಿಂದ ಬಂದವರು ಯಾವ ಪದಗಳನ್ನು ಟೈಪ್ ಮಾಡಿದ್ದರು ಎಂಬ ಪಟ್ಟಿಯನ್ನು ನೋಡಿ. ಅಲ್ಲಿ ‘ಬೋರ್ಡೋ ದ್ರಾವಣ’, ‘ಕೊಳೆರೋಗ’ ಎಂಬಂಥ ಪದಗಳು ಮೇಲಿದ್ದು, ‘2021’ ಎಲ್ಲೂ ಇಲ್ಲದಿದ್ದರೆ, ಇಸವಿಯನ್ನು ತೆಗೆದರೆ ನೀವು ಕಳೆದುಕೊಳ್ಳುವುದೇನೂ ಇಲ್ಲ. ಈಗಿನ ಶೀರ್ಷಿಕೆ ‘ಅಡಿಕೆ ಕೊಳೆರೋಗ: ಬೋರ್ಡೋ ದ್ರಾವಣ ತಯಾರಿಸುವ ವಿಧಾನ 2021’ ಎಂದಿದ್ದರೆ, ‘ಅಡಿಕೆ ಕೊಳೆರೋಗ: ಶೇ 1ರ ಬೋರ್ಡೋ ದ್ರಾವಣ ತಯಾರಿಸುವ ವಿಧಾನ’ ಎಂದು ಮಾಡಿ. ಮೊದಲ ಪದಗಳು ಇದ್ದ ಕಡೆಯೇ ಇರಲಿ, ಏಕೆಂದರೆ ಮೊಬೈಲಿನ ಪಟ್ಟಿಯಲ್ಲಿ ಉದ್ದ ಶೀರ್ಷಿಕೆಯ ಬಾಲ ಕಾಣುವುದಿಲ್ಲ. ಮುಖಚಿತ್ರದ ಮೇಲೂ ಇಸವಿ ಬರೆದಿದ್ದರೆ ಅದನ್ನೂ ತೆಗೆಯಿರಿ.

ಆದರೆ 2021 ಅಳಿಸಿದ ಜಾಗದಲ್ಲಿ ಈ ವರ್ಷದ ಇಸವಿ ಬರೆಯಬೇಡಿ. ನಿಮ್ಮ ವಿಡಿಯೊದಲ್ಲಿ ಮೈಲುತುತ್ತದ ಅಂದಿನ ಬೆಲೆಯೋ ಅಂದಿನ ಕೂಲಿಯೋ ಇದ್ದರೆ, ಹೊಸ ಇಸವಿ ನಂಬಿ ಒತ್ತಿದವರು ಮೊದಲ ನಿಮಿಷದಲ್ಲಿಯೇ ಎದ್ದು ಹೋಗುತ್ತಾರೆ. ಒತ್ತುವವರು ಹೆಚ್ಚಿ, ಕುಳಿತು ನೋಡುವ ಸರಾಸರಿ ಸಮಯ ಇಳಿದರೆ, ನಿಮ್ಮ ಗೆಳೆಯರು ಹೆದರಿಸಿದ ಇಳಿಮುಖ ಆಗ ನಿಜವಾಗಿಯೂ ಬರಬಹುದು.

ನೀರಿನ ತಿದ್ದುಪಡಿಗೂ ಶೀರ್ಷಿಕೆಗೂ ನಡುವೆ ಎರಡು ಮೂರು ವಾರ ಬಿಡಿ ಎಂದದ್ದು, ಯಾವ ಬದಲಾವಣೆಯಿಂದ ಏನಾಯಿತು ಎಂಬುದು ಬೇರೆ ಬೇರೆಯಾಗಿ ಕಾಣಲಿ ಎಂದು. ಶೀರ್ಷಿಕೆ ಬದಲಿಸಿದ ದಿನಾಂಕವನ್ನು ಬರೆದಿಟ್ಟುಕೊಳ್ಳಿ, ಹುಡುಕಾಟದಿಂದ ಬಂದ ವೀಕ್ಷಣೆಯನ್ನು ಮಾತ್ರ ಪ್ರತ್ಯೇಕವಾಗಿ ನೋಡಿ. ಹೋಲಿಸುವಾಗ ಹಿಂದಿನ ತಿಂಗಳ ಜೊತೆ ಹೋಲಿಸಬೇಡಿ. ಕೊಳೆರೋಗದ ವಿಡಿಯೊವನ್ನು ಮಲೆನಾಡಿನವರು ಹುಡುಕುವುದು ಮುಂಗಾರಿನ ಮುಂಚೆ ಮೊದಲ ಸಿಂಪಡಣೆಯ ಹೊತ್ತಿಗೆ, ಮತ್ತೆ ಅದಾಗಿ 40–45 ದಿನಕ್ಕೆ ಎರಡನೆಯ ಸಿಂಪಡಣೆಯ ಹೊತ್ತಿಗೆ. ನೀವು ಸೆಪ್ಟೆಂಬರಿನಲ್ಲಿ ಶೀರ್ಷಿಕೆ ಬದಲಿಸಿದರೆ ಅಕ್ಟೋಬರಿನಲ್ಲಿ ವೀಕ್ಷಣೆ ಕುಸಿಯುವುದು ಹೇಗೂ ಇದ್ದದ್ದೇ, ಅದಕ್ಕೆ ಕಾರಣ ಮಳೆ ಮುಗಿದದ್ದು. ಹೋದ ವರ್ಷದ ಅದೇ ತಿಂಗಳ ಅಂಕಿಯನ್ನು ಪಕ್ಕಕ್ಕಿಟ್ಟು ನೋಡಿ. ಅದಕ್ಕಿಂತಲೂ ಸ್ಪಷ್ಟವಾಗಿ ಕಡಿಮೆಯಾಗಿ ಎರಡು ಮೂರು ವಾರ ಹಾಗೆಯೇ ನಿಂತರೆ ಹಳೆಯ ಪದಗಳನ್ನು ಮರಳಿ ತನ್ನಿ. ಒಂದೆರಡು ದಿನದ ಏರಿಳಿತಕ್ಕೆ ದಿನಕ್ಕೊಂದು ಶೀರ್ಷಿಕೆ ಬದಲಿಸುತ್ತ ಕೂತರೆ ಯಾವುದರ ಪರಿಣಾಮವೂ ತಿಳಿಯದು.

ಹೊಸ ವಿಡಿಯೊ ಅನಿವಾರ್ಯವಾಗುವ ಸಂದರ್ಭ ಒಂದೇ: ಹತ್ತು ಲೀಟರ್ ಎಂಬುದು ಬಾಯಿತಪ್ಪಾಗಿರದೆ, ನೀವು ಹತ್ತು ಲೀಟರಿನ ಬಕೆಟ್ಟಿನಲ್ಲಿಯೇ ಕಲಸಿ ತೋರಿಸಿ, ಅದನ್ನೇ ಪಂಪಿಗೆ ಸುರಿದಿದ್ದರೆ. ಆಗ ಕತ್ತರಿಗೆ ಉಳಿಯುವುದೇನೂ ಇಲ್ಲ. ಹೊಸದಾಗಿ ಚಿತ್ರೀಕರಿಸಿ ಏರಿಸಿ, ಹಳೆಯದರ ಶೀರ್ಷಿಕೆ, ವಿವರಣೆ, ಪಿನ್ ಮಾಡಿದ ಪ್ರತಿಕ್ರಿಯೆ ಮೂರರಲ್ಲೂ ‘ಈ ಅಳತೆ ತಪ್ಪು, ಹೊಸ ವಿಡಿಯೊ ನೋಡಿ’ ಎಂದು ಬರೆದು ಲಿಂಕ್ ಕೊಟ್ಟು ಕೆಲವು ದಿನ ಬಿಡಿ. ಆಮೇಲೆ ಹಳೆಯದನ್ನು Private ಮಾಡಿ. Unlisted ಮಾಡಿದರೆ ಹುಡುಕಾಟದಲ್ಲಿ ಮಾತ್ರ ಮರೆಯಾಗುತ್ತದೆ, ವಾಟ್ಸಾಪಿನಲ್ಲಿ ಈಗಾಗಲೇ ಹರಿದಾಡುತ್ತಿರುವ ಲಿಂಕ್ ಒತ್ತಿದವರಿಗೆ ತೆರೆಯುತ್ತಲೇ ಇರುತ್ತದೆ. ನೀವು ಪಾಲುದಾರ ಯೋಜನೆಯ 4,000 ಗಂಟೆಗಳ ಲೆಕ್ಕದಲ್ಲಿದ್ದರೆ, ಎರಡರಲ್ಲಿ ಯಾವುದನ್ನು ಮಾಡಿದರೂ ಆ ವಿಡಿಯೊದ ಗಂಟೆಗಳು ಲೆಕ್ಕದಿಂದ ಹೊರಗಾಗುತ್ತವೆ ಎಂಬುದನ್ನು ತಿಳಿದೇ ಮಾಡಿ.